ಕೋಟಿ ಗೋಲ್ಡ್ ಕೊಟ್ಟರೂ ಒಂದು ಜೆಮ್ ಸಿಗಲ್ಲ, ಯಾಕೆ?

ಅಕ್ಕನ ಮಗ ಕ್ಲಾಶ್ ಆಫ್ ಕ್ಲಾನ್ಸ್ ಅನ್ನುವ ಊರು ಕಟ್ಟುವ ಮೊಬೈಲ್ ಆಟ ಆಡುವಾಗ ಪಕ್ಕದಲ್ಲಿ ಕೂತು ನೋಡುವುದು ನನಗೆ ಇಷ್ಟ. ಒಂದು ಸಂಜೆ ಅವನ ಗೋಲ್ಡ್ ಸ್ಟೋರೇಜ್‌ಗಳೆಲ್ಲ ತುಂಬಿಹೋಗಿದ್ದವು. ಇನ್ನು ಒಂದು ಕಾಸೂ ಹಿಡಿಸುತ್ತಿರಲಿಲ್ಲ. ಆದರೆ ಆ ಊರಿನ ಕಟ್ಟಡಗಳನ್ನು ಕಟ್ಟುವ ಬಿಲ್ಡರ್‌ಗಳೆಲ್ಲ ಬೇರೆ ಕೆಲಸದಲ್ಲಿದ್ದರು, ಅವರು ಬಿಡುವಾಗೋಕೆ ಇನ್ನೂ ಅರ್ಧ ದಿನ ಬೇಕಿತ್ತು. ಕೆಲಸವನ್ನು ಈಗಲೇ ಮುಗಿಸುವ ಹಸಿರು ಬಟನ್ ಕಣ್ಣೆದುರಿಗೇ ಇತ್ತು. ಅದಕ್ಕೆ ಬೇಕಾದಷ್ಟು ಜೆಮ್ ಅವನ ಹತ್ತಿರ ಇರಲಿಲ್ಲ. "ಮಾಮಾ, ಜೆಮ್ ಕೊಟ್ರೆ ಗೋಲ್ಡ್ ಕೊಡ್ತಾರೆ. ಗೋಲ್ಡ್ ಕೊಟ್ರೆ ಜೆಮ್ ಯಾಕೆ ಕೊಡಲ್ಲ?" ಅಂದ. ಒಳಗಿನಿಂದ ಅಕ್ಕ, "ದುಡ್ಡು ಮಾಡೋಕೆ ಕಣೋ, ಇನ್ಯಾಕೆ" ಅಂದಳು. ಅವನು ಅಷ್ಟಕ್ಕೇ ಬಿಡಲಿಲ್ಲ. "ದುಡ್ಡು ಮಾಡೋಕೆ ಆದ್ರೆ ಗೋಲ್ಡನ್ನೇ ನೇರ ಮಾರಬಹುದಿತ್ತಲ್ವಾ? ಎರಡೆರಡು ಯಾಕೆ?"

ಈ ಪ್ರಶ್ನೆ ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಮೊಬೈಲ್ ಆಟಗಳಲ್ಲಿ ಈ ಜೋಡಿ ಎಷ್ಟು ಮಾಮೂಲಿ ಅಂದರೆ ನಾವು ಅದನ್ನು ಗಮನಿಸುವುದನ್ನೇ ಬಿಟ್ಟಿದ್ದೇವೆ. ಒಂದು ಕಡೆ ಆಡಿದಷ್ಟೂ ಸಿಗುವ ಕಾಯಿನ್ ಅಥವಾ ಗೋಲ್ಡ್. ಆಟ ಕಟ್ಟುವವರು ಇದಕ್ಕೆ ಸಾಫ್ಟ್ ಕರೆನ್ಸಿ ಅನ್ನುತ್ತಾರೆ. ಇನ್ನೊಂದು ಕಡೆ ದುಡ್ಡು ಕೊಟ್ಟು ಕೊಳ್ಳುವ ಜೆಮ್, ಡೈಮಂಡ್, ಕ್ರಿಸ್ಟಲ್. ಇದು ಹಾರ್ಡ್ ಕರೆನ್ಸಿ. ಹಾರ್ಡ್‌ನಿಂದ ಸಾಫ್ಟ್‌ಗೆ ದಾರಿ ಇರುತ್ತದೆ. ಸಾಫ್ಟ್‌ನಿಂದ ಹಾರ್ಡ್‌ಗೆ ಸಾಮಾನ್ಯವಾಗಿ ಇರುವುದಿಲ್ಲ.

ಯಾಕೆ ಹೀಗೆ ಅಂತ ಕೇಳಿದರೆ ಜಾಸ್ತಿ ಜನ ಕೊಡುವ ಉತ್ತರ ಒಂದೇ: ನಿಜವಾದ ಬೆಲೆ ಗೊತ್ತಾಗಬಾರದು ಅಂತ. ದುಡ್ಡನ್ನು ಜೆಮ್ ಮಾಡಿಬಿಟ್ಟರೆ ಖರ್ಚು ಖರ್ಚು ಅನಿಸುವುದಿಲ್ಲ. ಈ ಮಾತು ಸುಳ್ಳಲ್ಲ, ಅದಕ್ಕೆ ಆಮೇಲೆ ಬರುತ್ತೇನೆ. ಆದರೆ ಹುಡುಗನ ಪ್ರಶ್ನೆಗೆ ಇದು ಉತ್ತರ ಅಲ್ಲ. ಬೆಲೆ ಮರೆಮಾಡೋಕೆ ಎರಡು ಕರೆನ್ಸಿ ಬೇಕಿಲ್ಲ, ಒಂದೇ ಸಾಕು. 2005ರಲ್ಲಿ ಎಕ್ಸ್‌ಬಾಕ್ಸ್ 360 ಗೇಮ್ ಕನ್ಸೋಲ್ ಬಂದಾಗ ಅದರ ಅಂಗಡಿಯಲ್ಲಿ ಮೈಕ್ರೋಸಾಫ್ಟ್ ಪಾಯಿಂಟ್ಸ್ ಅಂತ ಇತ್ತು. 80 ಪಾಯಿಂಟ್‌ಗೆ ಒಂದು ಡಾಲರ್. 400 ಪಾಯಿಂಟ್ ಅಂದರೆ ಎಷ್ಟಾಯಿತು ಅಂತ ಪ್ರತಿ ಸಲ ಲೆಕ್ಕ ಹಾಕಬೇಕಿತ್ತು. ಜನ ಗೊಣಗಿದರು, 2013ರಲ್ಲಿ ಅದನ್ನು ತೆಗೆದು ನೇರವಾಗಿ ಆಯಾ ದೇಶದ ಹಣಕ್ಕೇ ಬಂದರು. ಅಲ್ಲಿ ಎರಡನೇ ಕರೆನ್ಸಿ ಇರಲೇ ಇಲ್ಲ, ಆದರೂ ಬೆಲೆ ಮಸುಕಾಗಿತ್ತು. ಹಾಗಾಗಿ ಗೋಲ್ಡ್ ಬೇರೆ, ಜೆಮ್ ಬೇರೆ ಇರೋಕೆ ಕಾರಣವನ್ನು ಬೇರೆ ಕಡೆ ಹುಡುಕಬೇಕು. ಅದು ಇರುವುದು ಆಟದ ಒಳಗೇ.

ಒಂದೇ ಕರೆನ್ಸಿ ಇದ್ದಿದ್ದರೆ

ಒಂದು ಆಟವನ್ನು ಊಹಿಸಿಕೊಳ್ಳಿ. ಅದರಲ್ಲಿ ಇರುವುದು ಗೋಲ್ಡ್ ಮಾತ್ರ. ಮೊದಲ ದಿನದ ಆಟಗಾರ ಒಂದು ಗಂಟೆ ಆಡಿದರೆ 100 ಗೋಲ್ಡ್ ಸಂಪಾದಿಸುತ್ತಾನೆ. ಅವನ ಮೊದಲ ಕಟ್ಟಡಕ್ಕೆ ಬೇಕಾಗುವುದೂ ಅಷ್ಟೇ. ಇಂಥ ಆಟಗಳ ಮಜಾ ಇರುವುದೇ ಬೆಳೆಯುವುದರಲ್ಲಿ. ಗಣಿ ದೊಡ್ಡದಾಗುತ್ತದೆ, ಸೈನ್ಯ ಬಲವಾಗುತ್ತದೆ, ಸಂಪಾದನೆ ಏರುತ್ತದೆ. ಆರು ತಿಂಗಳಾದ ಮೇಲೆ ಅದೇ ಆಟಗಾರ ಗಂಟೆಗೆ 10,000 ಗೋಲ್ಡ್ ಗಳಿಸುತ್ತಾನೆ. ಅವನು ಕೊಳ್ಳಬೇಕಾದ ವಸ್ತುಗಳ ಬೆಲೆಯೂ ಲಕ್ಷಕ್ಕೆ ಹೋಗಿರುತ್ತದೆ. ಅಂದರೆ ಹಣದುಬ್ಬರ ಇಲ್ಲಿ ರೋಗವಲ್ಲ, ಆಟದ ಜೀವವೇ ಅದು. ಅಂಕಿಗಳು ದೊಡ್ಡದಾಗದಿದ್ದರೆ ಬೆಳೆದ ಹಾಗೇ ಅನಿಸುವುದಿಲ್ಲ.

ಈಗ ಈ ಗೋಲ್ಡನ್ನು ಮಾರಬೇಕು. ಒಂದು ಡಾಲರ್‌ಗೆ ಎಷ್ಟು ಕೊಡುತ್ತೀರಿ? 10,000 ಕೊಟ್ಟರೆ ಹಳಬನಿಗೆ ಅದು ಒಂದು ಗಂಟೆಯ ದುಡಿಮೆ, ಅದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಹೊಸಬನಿಗೆ ಅದು ನೂರು ಗಂಟೆಯ ಆಟ. ಅವನು ಒಂದು ಡಾಲರ್ ಕೊಟ್ಟು ಮೊದಲ ಹಲವು ಹಂತಗಳನ್ನು ಒಂದೇ ಏಟಿಗೆ ದಾಟಿಬಿಡುತ್ತಾನೆ. ಆಮೇಲೆ ಆಡೋಕೆ ಏನೂ ಉಳಿಯದೆ ಬಿಟ್ಟುಹೋಗುತ್ತಾನೆ. ಸರಿ, ಡಾಲರ್‌ಗೆ 100 ಮಾತ್ರ ಕೊಡೋಣ ಅಂದರೆ ಹೊಸಬನಿಗೆ ಸರಿಹೋಗಬಹುದು, ಹಳಬನಿಗೆ ಅದು ಚಿಲ್ಲರೆಯೂ ಅಲ್ಲ. ಯಾವ ಒಂದು ದರ ಇಟ್ಟರೂ ಒಬ್ಬರಿಗೆ ಆಟ ಕೆಡುತ್ತದೆ, ಇಲ್ಲ ಇನ್ನೊಬ್ಬರಿಗೆ ಅಂಗಡಿ ಕೆಡುತ್ತದೆ.

ಇನ್ನೊಂದು ತೊಂದರೆ ಇದಕ್ಕಿಂತ ನಿಧಾನವಾಗಿ ಬರುತ್ತದೆ. ಹಬ್ಬಕ್ಕೆ ಎಲ್ಲರಿಗೂ ಗೋಲ್ಡ್ ಹಂಚೋಣ ಅಂತ ಆಟ ಕಟ್ಟುವವರಿಗೆ ಅನಿಸಿತು ಅಂತಿಟ್ಟುಕೊಳ್ಳಿ. ಅಥವಾ ಒಂದು ಹಂತ ತೀರಾ ಕಷ್ಟವಾಗಿದೆ, ಗೆದ್ದವರಿಗೆ ಬಹುಮಾನ ಎರಡು ಪಟ್ಟು ಮಾಡೋಣ ಅಂತ. ಗೋಲ್ಡೇ ಮಾರುವ ಸರಕೂ ಆಗಿದ್ದರೆ, ಹೀಗೆ ಕೊಟ್ಟ ಪ್ರತಿಯೊಂದು ಗೋಲ್ಡ್ ಅಂಗಡಿಯಲ್ಲಿರುವ ಗೋಲ್ಡಿನ ಬೆಲೆ ಇಳಿಸುತ್ತದೆ. ನಿನ್ನೆ ದುಡ್ಡು ಕೊಟ್ಟು ಕೊಂಡವನು ಮೋಸಹೋದೆ ಅಂದುಕೊಳ್ಳುತ್ತಾನೆ. ಆಗ ಆಟ ಜಿಪುಣವಾಗಲೇಬೇಕಾಗುತ್ತದೆ. ಎರಡು ಕರೆನ್ಸಿಯ ನಡುವಿನ ಗೋಡೆ ಇರುವುದು ಇದಕ್ಕೇ ಅಂತ ನನ್ನ ನಂಬಿಕೆ. ಗೋಡೆ ಇದ್ದರೆ ಗೋಲ್ಡನ್ನು ಧಾರಾಳವಾಗಿ ಸುರಿಯಬಹುದು, ಅದು ಎಷ್ಟು ಅಗ್ಗವಾದರೂ ಜೆಮ್‌ನ ಬೆಲೆ ಅಲುಗುವುದಿಲ್ಲ. ಗೋಡೆಯ ಆ ಕಡೆಗೆ ಗೋಲ್ಡ್ ದಾಟಬಾರದು, ಅಷ್ಟೇ ನಿಯಮ.

ಜೆಮ್ ಅಳೆಯುವುದು ಸಮಯವನ್ನು

ಹಾಗಾದರೆ ಜೆಮ್‌ಗೆ ಬೆಲೆ ಕಟ್ಟುವುದು ಹೇಗೆ? ಹೊಸಬನಿಗೂ ಹಳಬನಿಗೂ ಒಂದೇ ಥರ ಇರುವ ವಸ್ತು ಯಾವುದಾದರೂ ಆಟದಲ್ಲಿ ಇರಬೇಕು. ಕ್ಲಾಶ್ ಆಫ್ ಕ್ಲಾನ್ಸ್ 2012ರಲ್ಲಿ ಬಂದಾಗ ಇದಕ್ಕೆ ಅದು ಕಂಡುಕೊಂಡ ಉತ್ತರ ನನಗೆ ಈಗಲೂ ತುಂಬಾ ಜಾಣತನದ್ದು ಅನಿಸುತ್ತದೆ: ಸಮಯ. ಯಾರ ಊರು ಎಷ್ಟೇ ದೊಡ್ಡದಿರಲಿ, ಒಂದು ಗಂಟೆ ಎಲ್ಲರಿಗೂ ಒಂದೇ ಗಂಟೆ.

ಆರಂಭದ ವರ್ಷಗಳ ದರವನ್ನು ಆಟಗಾರರೇ ಲೆಕ್ಕಹಾಕಿ ಬರೆದಿಟ್ಟಿದ್ದಾರೆ. ಒಂದು ನಿಮಿಷದ ಕಾಯುವಿಕೆ ತಪ್ಪಿಸೋಕೆ 1 ಜೆಮ್. ಒಂದು ಗಂಟೆಗೆ 20. ಒಂದು ದಿನಕ್ಕೆ 260. ಒಂದು ವಾರಕ್ಕೆ 1,000. ನಡುವಿನ ಸಮಯಗಳಿಗೆ ಈ ಬಿಂದುಗಳ ಮಧ್ಯೆ ನೇರ ಗೆರೆ ಎಳೆದ ಹಾಗೆ ಲೆಕ್ಕ. 12 ಗಂಟೆ ಬಾಕಿ ಇದೆ ಅನ್ನಿ. ಮೊದಲ ಗಂಟೆಗೆ 20. ಉಳಿದದ್ದು 11 ಗಂಟೆ. ಒಂದು ಗಂಟೆಯಿಂದ ಒಂದು ದಿನದವರೆಗೆ 23 ಗಂಟೆ, ಅದಕ್ಕೆ 240 ಜೆಮ್. 11 ಗಂಟೆಯ ಪಾಲು ದಶಾಂಶ ಬಿಟ್ಟರೆ 114. ಒಟ್ಟು 134. ಆ ಸಂಜೆ ನಮ್ಮ ಹುಡುಗನ ಮುಂದೆ ಇದ್ದಂಥ ಬಟನ್‌ನ ಹಿಂದೆ ಇದ್ದ ಲೆಕ್ಕದ ರೀತಿ ಇದು.

ಗಮನಿಸಿ, ಜಾಸ್ತಿ ಸಮಯ ಕೊಂಡಷ್ಟೂ ಗಂಟೆಯ ದರ ಇಳಿಯುತ್ತದೆ. ಗಂಟೆಗೆ 20ರಂತೆ ನೇರ ಗುಣಿಸಿದರೆ ಒಂದು ದಿನಕ್ಕೆ 480 ಆಗಬೇಕಿತ್ತು, ಇರುವುದು 260. ವಾರಕ್ಕೆ 3,360 ಆಗಬೇಕಿತ್ತು, ಇರುವುದು 1,000. ಇದಕ್ಕೂ ಕಾರಣವಿದೆ. ಶುರುವಿನಲ್ಲಿ ಕೆಲಸಗಳು ನಿಮಿಷಗಳಲ್ಲಿ ಮುಗಿಯುತ್ತವೆ, ಒಂದೆರಡು ಜೆಮ್ ಕೊಟ್ಟುಬಿಡುವುದು ಸಲೀಸು. ಟ್ಯುಟೋರಿಯಲ್ ಕೂಡ ಕೈಯಲ್ಲಿರುವ ಜೆಮ್ ಖರ್ಚು ಮಾಡಿಸಿಯೇ ಆಟ ಕಲಿಸುತ್ತದೆ. ಮುಂದೆ ಹೋದಂತೆ ಕೆಲಸಗಳು ದಿನಗಟ್ಟಲೆ ಹಿಡಿಯುತ್ತವೆ. ಅಲ್ಲೂ ಗಂಟೆಗೆ 20 ಅಂತ ಹಿಡಿದರೆ ಬಟನ್ ನೋಡಿದವರೆಲ್ಲ ಹೆದರಿ ಕಾಯೋಕೆ ಕೂರುತ್ತಾರೆ.

ಗೋಲ್ಡ್ ಕಡಿಮೆ ಬಿದ್ದಾಗ ಜೆಮ್ ಕೊಟ್ಟು ತುಂಬಿಸಿಕೊಳ್ಳುವ ದರವೂ ಹೀಗೇ ಬಾಗಿತ್ತು. 1,000 ಗೋಲ್ಡ್‌ಗೆ 5 ಜೆಮ್. 10,000ಕ್ಕೆ 25. ಒಂದು ಲಕ್ಷಕ್ಕೆ 125. ಹತ್ತು ಲಕ್ಷಕ್ಕೆ 600. ಒಂದು ಕೋಟಿಗೆ 3,000. ಇದನ್ನು ತಿರುಗಿಸಿ ಓದಿ ನೋಡಿ. ಸಾವಿರ ಕಡಿಮೆ ಬಿದ್ದ ಹೊಸಬನಿಗೆ ಒಂದು ಜೆಮ್‌ಗೆ ಸಿಗುವುದು 200 ಗೋಲ್ಡ್. ಕೋಟಿ ಕಡಿಮೆ ಬಿದ್ದ ಹಳಬನಿಗೆ ಅದೇ ಒಂದು ಜೆಮ್‌ಗೆ 3,333 ಗೋಲ್ಡ್. ನಾವು ಮೇಲೆ ಊಹಿಸಿಕೊಂಡ ಆಟ ಯಾವ ದರ ಇಡಬೇಕು ಅಂತ ಗೊತ್ತಾಗದೆ ಸೋತಿತ್ತಲ್ಲ, ಇಲ್ಲಿ ಆ ಸಮಸ್ಯೆಯೇ ಇಲ್ಲ. ಜೆಮ್‌ನ ಬೆಲೆ ಗಟ್ಟಿಯಾಗಿ ನಿಂತಿದೆ, ಗೋಲ್ಡ್‌ನ ಬೆಲೆ ಆಟಗಾರ ಬೆಳೆದಂತೆ ತಾನೇ ಇಳಿಯುತ್ತದೆ. ಹೊಸಬನಿಗೆ ಆಟ ಹಾಳಾಗುವಷ್ಟು ಸಿಗುವುದಿಲ್ಲ, ಹಳಬನಿಗೆ ತೀರಾ ಕಡಿಮೆ ಅನಿಸುವುದಿಲ್ಲ. ಎರಡು ಕರೆನ್ಸಿ ಇಲ್ಲದೆ ಇಂಥ ಹೊಂದಾಣಿಕೆ ಸಾಧ್ಯವೇ ಇಲ್ಲ, ಯಾಕೆಂದರೆ ಅದನ್ನು ಮಾಡೋಕೆ ನಡುವೆ ಒಂದು ದರ ಬೇಕು. ದರ ಇರಬೇಕಾದರೆ ಎರಡು ಬೇರೆ ಬೇರೆ ವಸ್ತುಗಳಿರಬೇಕು.

ಜೆಮ್ ಹುಟ್ಟುವ ಜಾಗ

ಇಲ್ಲಿ ಯಾರಾದರೂ ಕೇಳಬಹುದು: ಜೆಮ್ ಪುಕ್ಕಟೆಯಾಗಿಯೂ ಸಿಗುತ್ತದಲ್ಲ? ಹೌದು, ಸಿಗುತ್ತದೆ. ಆದರೆ ಹೇಗೆ ಸಿಗುತ್ತದೆ ಅನ್ನುವುದರಲ್ಲಿ ವಿಷಯವಿದೆ.

ನಮ್ಮ ಹುಡುಗ ಬೆಳಗ್ಗೆ ಎದ್ದ ಕೂಡಲೇ ಮಾಡುವ ಮೊದಲ ಕೆಲಸ ತನ್ನ ಊರಿನ ಅಂಚಿನಲ್ಲಿ ಬೆಳೆದ ಮರ, ಪೊದೆಗಳನ್ನು ತೆಗೆಯುವುದು. ಕೆಲವೊಮ್ಮೆ ಒಂದು ಪೊದೆಯಿಂದ ಐದು ಜೆಮ್ ಬರುತ್ತದೆ, ಕೆಲವೊಮ್ಮೆ ಏನೂ ಇಲ್ಲ. ಐದು ಬಂದಾಗ ಅವನ ಮುಖ ನೋಡಬೇಕು. ಇದು ಅದೃಷ್ಟ ಅಂತ ಅವನು ತುಂಬಾ ದಿನ ನಂಬಿದ್ದ. ನಿಜಕ್ಕೂ ಅದು ಮೊದಲೇ ಗೊತ್ತುಮಾಡಿದ ಒಂದು ಸರಣಿ. ಇಪ್ಪತ್ತು ಗಿಡ ತೆಗೆದರೆ ಒಟ್ಟು 40 ಜೆಮ್, ಆಮೇಲೆ ಮತ್ತೆ ಮೊದಲಿನಿಂದ. ಅಂದರೆ ಗಿಡಕ್ಕೆ ಸರಾಸರಿ ಎರಡು. ಹೊಸ ಗಿಡ ಹುಟ್ಟುವುದು ಸುಮಾರು ಎಂಟು ಗಂಟೆಗೆ ಒಂದು. ದಿನಕ್ಕೆ ಮೂರು ಗಿಡ, ಆರು ಜೆಮ್. ಆಗೊಮ್ಮೆ ಈಗೊಮ್ಮೆ ಒಂದು ಜೆಮ್ ಬಾಕ್ಸ್ ಬಂದು 25 ಕೊಡುತ್ತದೆ. ಇದನ್ನು ಬಿಟ್ಟರೆ ಆಟ ಇಟ್ಟ ಗುರಿ ಮುಟ್ಟಿದಾಗ ಸಿಗುವ ಅಚೀವ್‌ಮೆಂಟ್‌ಗಳಿಂದ ಬರುತ್ತದೆ, ಆದರೆ ಒಂದು ಅಚೀವ್‌ಮೆಂಟ್ ಒಂದೇ ಸಲ.

ಇದರಲ್ಲಿ ಮುಖ್ಯವಾದದ್ದು ಏನೆಂದರೆ, ದಿನಪೂರ್ತಿ ಆಡಿದರೂ ಗಿಡ ಎಂಟು ಗಂಟೆಗೆ ಒಂದೇ ಹುಟ್ಟುತ್ತದೆ. ಗೋಲ್ಡ್ ಹಾಗಲ್ಲ. ಜಾಸ್ತಿ ದಾಳಿ ಮಾಡಿದರೆ ಜಾಸ್ತಿ ಗೋಲ್ಡ್. ಗೋಲ್ಡ್ ಆಡುವುದಕ್ಕೆ ತಕ್ಕಂತೆ ಬರುತ್ತದೆ, ಜೆಮ್ ಗಡಿಯಾರಕ್ಕೆ ತಕ್ಕಂತೆ ಬರುತ್ತದೆ. ಒಬ್ಬರಿಗಿಂತ ಇನ್ನೊಬ್ಬರು ಹತ್ತು ಪಟ್ಟು ಆಡಿದರೂ ಪುಕ್ಕಟೆ ಜೆಮ್ ಹತ್ತು ಪಟ್ಟು ಆಗುವುದಿಲ್ಲ. ಹೊಸ ಆಟದಲ್ಲಿ ಯಾವುದು ಸಾಫ್ಟ್, ಯಾವುದು ಹಾರ್ಡ್ ಅಂತ ಹೆಸರು ನೋಡಿ ಹೇಳೋಕಾಗಲ್ಲ. ಕೆಲವು ಆಟಗಳಲ್ಲಿ ಡೈಮಂಡೇ ಅಗ್ಗದ್ದಾಗಿರುತ್ತದೆ, ಕಾಯಿನ್ನೇ ದುಬಾರಿ. ಆಡಿದಷ್ಟೂ ಹೆಚ್ಚುವುದು ಯಾವುದು, ದಿನಕ್ಕಿಷ್ಟು ಅಂತ ತೊಟ್ಟಿಕ್ಕುವುದು ಯಾವುದು ಅಂತ ನೋಡಿದರೆ ಕೂಡಲೇ ತಿಳಿಯುತ್ತದೆ.

ಇನ್ನೂ ಒಂದು ಗುರುತಿದೆ. ಬೇರೆಯವರು ನಿಮ್ಮ ಊರಿನ ಮೇಲೆ ದಾಳಿ ಮಾಡಿ ಗೋಲ್ಡ್ ಲೂಟಿ ಮಾಡಬಹುದು. ಸ್ಟೋರೇಜ್ ತುಂಬಿದ ಮೇಲೆ ಬರುವ ಗೋಲ್ಡ್ ಸುಮ್ನೆ ಹಾಳಾಗುತ್ತದೆ. ಜೆಮ್‌ಗೆ ಇವೆರಡೂ ಇಲ್ಲ. ಅದನ್ನು ಯಾರೂ ಕದಿಯೋಕಾಗಲ್ಲ, ಎಷ್ಟು ಬೇಕಾದರೂ ಇಟ್ಟುಕೊಳ್ಳಬಹುದು. ದುಡ್ಡು ಕೊಟ್ಟು ಕೊಂಡ ವಸ್ತು ರಾತ್ರಿ ಮಲಗಿ ಏಳುವಷ್ಟರಲ್ಲಿ ಕಳುವಾದರೆ ಯಾರು ಸುಮ್ಮನಿರುತ್ತಾರೆ? ಆದರೆ ಲೂಟಿ ಇಲ್ಲದಿದ್ದರೆ ಈ ಆಟವೇ ಇಲ್ಲ. ಕಳೆದುಕೊಳ್ಳುವ ಭಯ ಇರಬೇಕಾದ ಕಡೆ ಒಂದು ಕರೆನ್ಸಿ, ಅದು ಇರಬಾರದ ಕಡೆ ಇನ್ನೊಂದು. ಆಪಲ್‌ನ ಆಪ್ ಸ್ಟೋರ್ ನಿಯಮದಲ್ಲೂ ಕೊಂಡ ಕರೆನ್ಸಿಗೆ ಅವಧಿ ಮುಗಿಯುವ ದಿನ ಇಡುವಂತಿಲ್ಲ ಅಂತ ಇದೆ.

ಬಾಗಿಲು ಎರಡೂ ಕಡೆ ತೆರೆದಾಗ

ಈ ಗೋಡೆ ಇಲ್ಲದೆ ನಡೆಸಿದ ಪ್ರಯೋಗ ಆಗಿಲ್ಲ ಅಂತಲ್ಲ. 2012ರಲ್ಲಿ ಬಂದ ಡಯಾಬ್ಲೊ 3 ಆಟದಲ್ಲಿ ನಿಜವಾದ ದುಡ್ಡಿನ ಹರಾಜು ಕಟ್ಟೆ ಇತ್ತು. ಆಟದಲ್ಲಿ ರಾಕ್ಷಸರನ್ನು ಕೊಂದು ಗಳಿಸಿದ ಗೋಲ್ಡನ್ನೂ ಅಲ್ಲಿ ಮಾರಬಹುದಿತ್ತು. ಗೋಲ್ಡ್ ಆಡಿದಷ್ಟೂ ಹುಟ್ಟುತ್ತಿತ್ತು, ಖರ್ಚಾಗುವ ದಾರಿಗಳು ಕಡಿಮೆ ಇದ್ದವು. ತಾವಾಗಿಯೇ ಆಡುವ ಪ್ರೋಗ್ರಾಂಗಳು, ಅಂದರೆ ಬಾಟ್‌ಗಳು, ಹಗಲೂ ರಾತ್ರಿ ಆಡಿ ಗೋಲ್ಡ್ ಸುರಿದವು. ಅದರ ಬೆಲೆ ಇಳಿಯುತ್ತಲೇ ಹೋಯಿತು. 2013ರ ಮೇ ತಿಂಗಳಲ್ಲಿ ಆಟದ ಒಂದು ಅಪ್‌ಡೇಟ್‌ನ ದೋಷದಿಂದ ಕೆಲವರಿಗೆ ಗೋಲ್ಡನ್ನು ನಕಲು ಮಾಡಿಕೊಳ್ಳುವ ದಾರಿ ಸಿಕ್ಕಿತು. ಹರಾಜನ್ನು ಕೂಡಲೇ ನಿಲ್ಲಿಸಬೇಕಾಯಿತು. 2014ರ ಮಾರ್ಚ್ 18ಕ್ಕೆ ಹರಾಜು ಕಟ್ಟೆಗಳನ್ನೇ ಪೂರ್ತಿ ಮುಚ್ಚಿದರು. ದೋಷ ಯಾವ ಆಟದಲ್ಲಾದರೂ ಬರುತ್ತದೆ. ಆದರೆ ಇಲ್ಲಿ ಆಟದೊಳಗಿನ ಒಂದು ತಪ್ಪು ನೇರವಾಗಿ ಜನರ ನಿಜವಾದ ದುಡ್ಡಿಗೇ ಹೋಗಿ ತಾಗಿತು, ನಡುವೆ ತಡೆಯುವಂಥದ್ದು ಏನೂ ಇರಲಿಲ್ಲ.

ಅದೇ ವರ್ಷ ಬಂದ ಗಿಲ್ಡ್ ವಾರ್ಸ್ 2 ಬಾಗಿಲನ್ನು ಎರಡೂ ಕಡೆ ತೆರೆದೂ ಉಳಿದುಕೊಂಡಿದೆ. ಅಲ್ಲಿ ಗೋಲ್ಡ್ ಕೊಟ್ಟು ಜೆಮ್ ಪಡೆಯಬಹುದು. ನಮ್ಮ ಹುಡುಗ ಕೇಳಿದ್ದು ಅದನ್ನೇ. ಅದು ನಡೆಯುವುದು ಯಾಕೆಂದರೆ ದರ ನಿಗದಿಯಾಗಿಲ್ಲ. ಗೋಲ್ಡ್ ಕೊಟ್ಟು ಜೆಮ್ ಕೇಳುವವರು ಜಾಸ್ತಿಯಾದರೆ ಜೆಮ್ ದುಬಾರಿಯಾಗುತ್ತದೆ. ಜೆಮ್ ಕೊಟ್ಟು ಗೋಲ್ಡ್ ಕೇಳುವವರು ಹೆಚ್ಚಿದರೆ ಅಗ್ಗವಾಗುತ್ತದೆ. ಎರಡೂ ಕಡೆ ವಿನಿಮಯದಲ್ಲಿ ಆಟ ಒಂದು ಪಾಲು ಕಡಿತ ಹಿಡಿಯುತ್ತದೆ, ಹಾಗಾಗಿ ಸುಮ್ನೆ ಅದಲು ಬದಲು ಮಾಡಿ ಲಾಭ ಮಾಡೋಕಾಗಲ್ಲ. ಆಟ ಶುರುವಾದಾಗಿನಿಂದ ಗೋಲ್ಡ್ ಲೆಕ್ಕದಲ್ಲಿ ಜೆಮ್‌ನ ಬೆಲೆ ಹಲವು ಪಟ್ಟು ಏರಿದೆ. ಗೋಲ್ಡ್ ಉಬ್ಬಿತು, ಡಾಲರ್‌ಗೆ ಸಿಗುವ ಜೆಮ್ ಹಾಗೇ ಉಳಿಯಿತು. ಬಾಗಿಲು ತೆರೆದಿದ್ದರೂ ಕರೆನ್ಸಿ ಎರಡೇ ಇವೆ ಅನ್ನುವುದನ್ನು ಮರೆಯಬಾರದು. ಒಂದೇ ಆಗಿದ್ದರೆ ಏರೋಕೆ, ಇಳಿಯೋಕೆ ದರವೇ ಇರುತ್ತಿರಲಿಲ್ಲ.

ಕೈಯಲ್ಲಿ ಉಳಿಯುವ ಜೆಮ್

ಈಗ ಬೆಲೆ ಮರೆಮಾಡುವ ಮಾತಿಗೆ ಬರುತ್ತೇನೆ. ಎರಡು ಕರೆನ್ಸಿಗೆ ಆಟದೊಳಗೆ ಒಳ್ಳೆಯ ಕಾರಣವಿದೆ ಅಂದ ಮಾತ್ರಕ್ಕೆ ಅದನ್ನು ಮಾರುವ ರೀತಿ ಎಲ್ಲ ಸರಿ ಅಂತಲ್ಲ. ಕ್ಲಾಶ್‌ನಲ್ಲಿ ನಾಲ್ಕನೇ ಬಿಲ್ಡರ್‌ಗೆ 1,000 ಜೆಮ್. ಅಂಗಡಿಯಲ್ಲಿ 500 ಜೆಮ್‌ನ ಪ್ಯಾಕ್ 4.99 ಡಾಲರ್, 1,200ರ ಪ್ಯಾಕ್ 9.99 ಡಾಲರ್. ಸರಿಯಾಗಿ 1,000ದ ಪ್ಯಾಕ್ ಇಲ್ಲ. ಚಿಕ್ಕದನ್ನು ಎರಡು ಸಲ ಕೊಂಡರೆ 9.98. ಒಂದು ಸೆಂಟ್ ಜಾಸ್ತಿ ಕೊಟ್ಟರೆ 200 ಜೆಮ್ ಹೆಚ್ಚು. ಯಾರೇ ಆದರೂ ದೊಡ್ಡದನ್ನೇ ಕೊಳ್ಳುತ್ತಾರೆ, ಅದು ಸರಿಯಾದ ಲೆಕ್ಕವೇ. ಆದರೆ ಬಿಲ್ಡರ್ ಬಂದ ಮೇಲೆ ಕೈಯಲ್ಲಿ 200 ಉಳಿಯುತ್ತದೆ. ಐದನೇ ಬಿಲ್ಡರ್‌ಗೆ 2,000 ಬೇಕು. ಉಳಿದ 200 ಅದಕ್ಕೆ ಸಾಲದು, ಎಸೆಯೋಕೂ ಮನಸ್ಸು ಬರದು. ಮುಂದಿನ ಖರೀದಿ ಶುರುವಾಗುವುದು ಸೊನ್ನೆಯಿಂದ ಅಲ್ಲ, ಈ ಉಳಿಕೆಯಿಂದ. ಇದು ನನಗೆ ಇಷ್ಟವಾಗದ ಭಾಗ, ಯಾಕೆಂದರೆ ಇದು ಇಲ್ಲದೆಯೂ ಮೇಲಿನ ವ್ಯವಸ್ಥೆ ಎಲ್ಲ ಚೆನ್ನಾಗಿಯೇ ನಡೆಯುತ್ತದೆ. 1,000 ಬೇಕಾದವರಿಗೆ 1,000 ಮಾರಿದರೆ ಗೋಲ್ಡ್‌ಗೆ ಏನೂ ಆಗುವುದಿಲ್ಲ.

ಕೆಲವು ಆಟಗಳಲ್ಲಿ ನಡುವೆ ಇನ್ನೂ ಒಂದು ಮೆಟ್ಟಿಲು ಇರುತ್ತದೆ. ಗೆನ್‌ಶಿನ್ ಇಂಪ್ಯಾಕ್ಟ್‌ನಲ್ಲಿ ದುಡ್ಡು ಕೊಟ್ಟರೆ ಜೆನೆಸಿಸ್ ಕ್ರಿಸ್ಟಲ್, ಅದನ್ನು ಒಂದಕ್ಕೆ ಒಂದರಂತೆ ಪ್ರೈಮೊಜೆಮ್ ಮಾಡಿಕೊಳ್ಳಬೇಕು, 160 ಪ್ರೈಮೊಜೆಮ್ ಕೊಟ್ಟರೆ ಒಂದು ಸಲ ಅದೃಷ್ಟ ಪರೀಕ್ಷಿಸುವ ಫೇಟ್. ಒಂದಕ್ಕೆ ಒಂದೇ ಆದರೆ ಕ್ರಿಸ್ಟಲ್ ಯಾಕೆ ಬೇಕು ಅನಿಸುತ್ತದೆ. ಕೊಂಡದ್ದು ಎಷ್ಟು, ಪುಕ್ಕಟೆ ಕೊಟ್ಟದ್ದು ಎಷ್ಟು ಅಂತ ಬೇರೆ ಇಡೋಕೆ ಇದರಿಂದ ಅನುಕೂಲ. ಹಾಗೆ ಬೇರೆ ಇಡೋಕೆ ಕಾನೂನಿನ ಕಾರಣವೂ ಇರುತ್ತದೆ. ಜಪಾನಿನಲ್ಲಿ ಜನ ದುಡ್ಡು ಕೊಟ್ಟು ಕೊಂಡು ಇನ್ನೂ ಬಳಸದೆ ಇಟ್ಟಿರುವ ಕರೆನ್ಸಿಯ ಮೊತ್ತ ಮಾರ್ಚ್ ಅಥವಾ ಸೆಪ್ಟೆಂಬರ್ ಕೊನೆಗೆ ಒಂದು ಕೋಟಿ ಯೆನ್ ದಾಟಿದರೆ, ಅದರಲ್ಲಿ ಕಡೇಪಕ್ಷ ಅರ್ಧದಷ್ಟನ್ನು ಕಂಪನಿ ಠೇವಣಿ ಇಡಬೇಕು. ಕಂಪನಿ ಮುಳುಗಿದರೂ ಜನರ ದುಡ್ಡು ಮುಳುಗಬಾರದು ಅಂತ. ಅಲ್ಲಿನ ಎಷ್ಟೋ ಆಟಗಳು ಅದಕ್ಕೇ ಕೊಂಡ ಜೆಮ್, ಪುಕ್ಕಟೆ ಜೆಮ್ ಅಂತ ಎರಡು ಲೆಕ್ಕ ಇಡುತ್ತವೆ. ಆದರೆ ಮೆಟ್ಟಿಲು ಹೆಚ್ಚಿದಷ್ಟೂ ಆಡುವವರಿಗೆ ಬೆಲೆ ದೂರವಾಗುತ್ತದೆ ಅನ್ನುವುದೂ ನಿಜ. 2025ರ ಜನವರಿಯಲ್ಲಿ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಫೆಡರಲ್ ಟ್ರೇಡ್ ಕಮಿಷನ್ ಗೆನ್‌ಶಿನ್ ಇಂಪ್ಯಾಕ್ಟ್‌ನ ಕಂಪನಿಯೊಂದಿಗೆ 2 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಾಗ, ಹಲವು ಮೆಟ್ಟಿಲಿನ ಈ ಕರೆನ್ಸಿಗಳ ವಿನಿಮಯ ದರವನ್ನು ತೋರಿಸಬೇಕು ಅನ್ನುವುದೂ ಷರತ್ತಾಗಿತ್ತು.

ಅದೇ ವರ್ಷ ಮಾರ್ಚ್‌ನಲ್ಲಿ ಯುರೋಪಿಯನ್ ಒಕ್ಕೂಟದ ಗ್ರಾಹಕ ರಕ್ಷಣಾ ಸಂಸ್ಥೆಗಳು ಸೇರಿ ಆಟದ ಕರೆನ್ಸಿಗಳ ಬಗ್ಗೆ ಕೆಲವು ತತ್ವಗಳನ್ನು ಹೇಳಿದವು. ಕರೆನ್ಸಿಯಲ್ಲಿ ಬರೆದ ಬೆಲೆಯ ಜೊತೆಗೆ ನಿಜವಾದ ದುಡ್ಡಿನ ಬೆಲೆಯನ್ನೂ ತೋರಿಸಿ, ಬೇಡದಷ್ಟು ಕೊಳ್ಳುವಂತೆ ಮಾಡಬೇಡಿ ಅನ್ನುವುದು ಅದರ ಸಾರ. ಇದನ್ನು ಪಾಲಿಸಿದರೂ ಗೋಲ್ಡ್ ಮತ್ತು ಜೆಮ್ ನಡುವಿನ ಗೋಡೆ ಬೀಳುವುದಿಲ್ಲ. ಗೋಲ್ಡ್ ಹಾಗೇ ಸುರಿಯಬಹುದು, ಗಿಡ ಹಾಗೇ ಹುಟ್ಟಬಹುದು. ಬದಲಾಗುವುದು ಆ ಹಸಿರು ಬಟನ್ ಮಾತ್ರ. 12 ಗಂಟೆಗೆ 134 ಜೆಮ್ ಅಂತ ಇದ್ದ ಕಡೆ, 500ರ ಪ್ಯಾಕ್‌ನ ಲೆಕ್ಕದಲ್ಲಿ ಪಕ್ಕಕ್ಕೆ 1.34 ಡಾಲರ್ ಅಂತಲೂ ಕಾಣಿಸುತ್ತದೆ. ದಿನಕ್ಕೆ ಆರರಂತೆ ಅಷ್ಟು ಜೆಮ್ ಕೂಡಿಸೋಕೆ ಪೊದೆ ತೆಗೆಯುವ ಹುಡುಗನಿಗೆ ಮೂರು ವಾರಕ್ಕೂ ಜಾಸ್ತಿ ಬೇಕು. ಆ ಮೂರು ವಾರಕ್ಕೆ ಆಟ ಕಟ್ಟಿದ ಬೆಲೆ ಎಷ್ಟು ಅಂತ ಆಗ ಅವನಿಗೂ ಕಾಣುತ್ತದೆ.